ಮಡಕೆ ಹೂತು ಹೋದವರಿಗೆ ಥ್ಯಾಂಕ್ಸ್

ಹೋದ ವರ್ಷ ನಮ್ಮ ಬದಿಯಡ್ಕದ ಕಾಲೊನಿಯವರು ಸೇರಿ ರಸ್ತೆ ಬದಿಯಲ್ಲಿ 20 ಗಿಡ ನೆಟ್ಟಿದ್ದೆವು. ಮಳೆ ನಿಂತ ಮೇಲೆ ಯಾರೂ ಆ ಕಡೆ ತಿರುಗಿ ನೋಡಲಿಲ್ಲ, ಮುರಕಲ್ಲಿನ ನೆಲ ಬೇರೆ, ಫೆಬ್ರವರಿ ಹೊತ್ತಿಗೆ 14 ಗಿಡ ಒಣಗಿಹೋದವು. ಬಸ್‌ಸ್ಟಾಪ್ ಹತ್ತಿರದ ಆರು ಮಾತ್ರ ಹಸಿರಾಗಿದ್ದವು. ಬಗ್ಗಿ ನೋಡಿದರೆ ಪ್ರತಿ ಗಿಡದ ಪಕ್ಕ ಒಂದು ಮಣ್ಣಿನ ಮಡಕೆ ಕುತ್ತಿಗೆವರೆಗೆ ಹೂತಿದೆ, ಬಾಯಿಗೆ ಗೆರಟೆ ಮುಚ್ಚಿದೆ, ಸೊಳ್ಳೆ ಮೊಟ್ಟೆ ಇಡಬಾರದಲ್ವಾ!

ಯಾರು ಮಾಡಿದ್ದು ಅಂತ ಇವತ್ತಿಗೂ ಗೊತ್ತಾಗಿಲ್ಲ. ನೀವು ಯಾರೇ ಆಗಿರಿ, ತುಂಬಾ ಥ್ಯಾಂಕ್ಸ್. ಈ ಸಲ ನಿಮ್ಮದೇ ದಾರಿ.

ಜೂನ್ 14, ಭಾನುವಾರ ಬೆಳಗ್ಗೆ 7ಕ್ಕೆ ಬಸ್‌ಸ್ಟಾಪ್ ಹತ್ತಿರ ಬನ್ನಿ. ನೇರಳೆ, ಹೊಂಗೆ, ಹಲಸಿನ ಗಿಡ ಒಟ್ಟು 24 ನಾವೇ ಕೊಡುತ್ತೇವೆ, ಹಾರೆ ಇದ್ದವರು ತನ್ನಿ. ಮಳೆಗಾಲದಲ್ಲಿ ಬುಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ, ಹಾಗಾಗಿ ಈಗ ಮಣ್ಣು ಏರಿಸಿ ನೆಡೋಣ. ಮಡಕೆ ಹೂಳುವುದು ನವೆಂಬರಿನಲ್ಲಿ.

ಡಿಸೆಂಬರಿನಿಂದ ಮಳೆ ಬರುವವರೆಗೆ ಒಂದು ಮನೆಗೆ ಎರಡು ಗಿಡ. ವಾರಕ್ಕೆ ಎರಡು ಸಲ ಮಡಕೆ ತುಂಬಿಸಿದರೆ ಸಾಕು, ನೀರು ನಿಧಾನಕ್ಕೆ ಜಿನುಗಿ ಬೇರಿಗೆ ಸೇರುತ್ತದೆ. ಒಂದೇ ದಿನದಲ್ಲಿ ಖಾಲಿಯಾದರೆ ಮಡಕೆ ಬಿರುಕು ಬಿಟ್ಟಿರಬಹುದು. ವಾರವಾದರೂ ನೀರು ಇಳಿಯದಿದ್ದರೆ ರಂಧ್ರ ಕಟ್ಟಿರಬಹುದು, ತೆಗೆದು ತೆಂಗಿನ ನಾರಿನಲ್ಲಿ ಉಜ್ಜಿ. ಬಣ್ಣ ಬಳಿದ ಮಡಕೆ ಮಾತ್ರ ತರಬೇಡಿ, ನೀರು ಜಿನುಗುವುದೇ ಇಲ್ಲ.

ಮಡಕೆಯವರೇ, ನೀವೂ ಬನ್ನಿ. ಹೆಸರು ಕೇಳುವುದಿಲ್ಲ, ಚಹಾ ಕೊಡುತ್ತೇವೆ.