27 ಇಂಚಿನ ಫುಲ್ ಎಚ್‌ಡಿ ಮಾನಿಟರ್‌ಗಳನ್ನು ಏಕೆ ನಿಲ್ಲಿಸುತ್ತಿದ್ದೇವೆ

ಆತ್ಮೀಯ ಗ್ರಾಹಕರೇ,

ಇನ್ನು ಮುಂದೆ 27 ಇಂಚಿನ ಮಾನಿಟರ್‌ಗಳನ್ನು ನಾವು ಅಲ್ಟ್ರಾ ಎಚ್‌ಡಿಯಲ್ಲಿ (3840×2160) ಮಾತ್ರ ಕೊಡುತ್ತೇವೆ. ಫುಲ್ ಎಚ್‌ಡಿ (1920×1080) 24 ಇಂಚಿನ ಪರದೆಗಳಲ್ಲಿ ಮುಂದುವರಿಯುತ್ತದೆ.

ಕಾರಣ ಪಿಕ್ಸೆಲ್ ಸಾಂದ್ರತೆ, ಅಂದರೆ ಒಂದು ಇಂಚು ಉದ್ದದಲ್ಲಿ ಎಷ್ಟು ಪಿಕ್ಸೆಲ್‌ಗಳಿವೆ ಎಂಬ ಲೆಕ್ಕ. ಕರ್ಣದ ಉದ್ದಕ್ಕೂ ಇರುವ ಪಿಕ್ಸೆಲ್‌ಗಳನ್ನು ಇಂಚಿನಿಂದ ಭಾಗಿಸಿದರೆ ಅದು ಸಿಗುತ್ತದೆ:

```
√(1920² + 1080²) ÷ 27 ≈ 82
√(3840² + 2160²) ÷ 27 ≈ 163
```

ಒಟ್ಟು ಪಿಕ್ಸೆಲ್ ನಾಲ್ಕು ಪಟ್ಟಾದರೂ ಸಾಂದ್ರತೆ ಎರಡು ಪಟ್ಟು ಮಾತ್ರ. ಜಾಹೀರಾತುಗಳನ್ನು ಓದುವಾಗ ಇದು ನೆನಪಿರಲಿ. ಫುಲ್ ಎಚ್‌ಡಿಯಲ್ಲಿ ಒಂದು ಪಿಕ್ಸೆಲ್ಲಿನ ಅಗಲ ಸುಮಾರು 0.31 ಮಿ.ಮೀ., ಅಲ್ಟ್ರಾ ಎಚ್‌ಡಿಯಲ್ಲಿ 0.16. ಸಾಮಾನ್ಯ ದೃಷ್ಟಿಯವರು 60 ಸೆಂ.ಮೀ. ದೂರದಿಂದ ಬಿಡಿಸಿ ನೋಡಬಲ್ಲ ಅತಿ ಚಿಕ್ಕ ಅಂತರ ಸುಮಾರು 0.17 ಮಿ.ಮೀ. ಮೊದಲನೆಯ ಪರದೆಯ ಚೌಕಗಳು ಕಣ್ಣಿಗೆ ಸಿಕ್ಕಿಬೀಳುವುದು, ಎರಡನೆಯದರವು ಬೆರೆತುಹೋಗುವುದು ಇದರಿಂದಲೇ.

ಕನ್ನಡ ಓದುವವರಿಗೆ ಈ ವ್ಯತ್ಯಾಸ ಒತ್ತಕ್ಷರಗಳಲ್ಲಿ ಎದ್ದು ಕಾಣುತ್ತದೆ. ಒಂದು ಮಿ.ಮೀ. ಎತ್ತರದ ಒತ್ತಿಗೆ ಫುಲ್ ಎಚ್‌ಡಿಯಲ್ಲಿ ಸಿಗುವುದು ಮೂರೇ ಸಾಲು ಪಿಕ್ಸೆಲ್. ಅಷ್ಟರಲ್ಲಿ ಬಾಗು, ಕೊಂಡಿ, ನಡುವಿನ ಖಾಲಿ ಜಾಗ ಮೂರನ್ನೂ ತೋರಿಸಲಾಗದೆ ಅಂಚಿಗೆ ಬೂದು ಬಣ್ಣ ತುಂಬಬೇಕಾಗುತ್ತದೆ, ಒತ್ತು ಮಸಿ ಚುಕ್ಕೆಯಂತೆ ಕಾಣುತ್ತದೆ. ಅಲ್ಟ್ರಾ ಎಚ್‌ಡಿಯಲ್ಲಿ ಆರು ಸಾಲು ಸಿಗುವುದರಿಂದ ಅದರ ಆಕಾರ ಉಳಿಯುತ್ತದೆ.

ಹೊಸ ಪರದೆ ಜೋಡಿಸಿದಾಗ ಅಕ್ಷರಗಳು ತೀರಾ ಚಿಕ್ಕದಾಗಿ ಕಾಣಬಹುದು. ಆಗ ದಯವಿಟ್ಟು ರೆಸಲ್ಯೂಷನ್ ಇಳಿಸಬೇಡಿ. 1920×1080ಕ್ಕೆ ಇಳಿಸಿದರೆ ನಾಲ್ಕು ಪಿಕ್ಸೆಲ್‌ಗಳು ಸೇರಿ ಒಂದರ ಕೆಲಸ ಮಾಡುತ್ತವೆ. ಎಷ್ಟೋ ಮಾನಿಟರ್‌ಗಳು ಅದನ್ನು ನುಣುಪು ಮಾಡಲು ಹೋಗಿ ಇನ್ನಷ್ಟು ಮಸುಕಾಗಿಸುತ್ತವೆ. ವಿಂಡೋಸ್‌ನಲ್ಲಿ Settings > System > Display ತೆರೆದು, Display resolution ಅನ್ನು 3840 × 2160ರಲ್ಲೇ ಬಿಟ್ಟು, Scale ಅನ್ನು 150% ಮಾಡಿ. ಫುಲ್ ಎಚ್‌ಡಿಯಲ್ಲಿದ್ದಷ್ಟೇ ದೊಡ್ಡ ಅಕ್ಷರ ಬೇಕಿದ್ದರೆ 200% ಇಡಿ. ಗಾತ್ರ ಹಳೆಯದೇ, ಅಂಚು ಮಾತ್ರ ಸ್ವಚ್ಛ. ಕೆಲವು ಹಳೆಯ ತಂತ್ರಾಂಶಗಳು ಸ್ಕೇಲಿಂಗ್‌ಗೆ ಹೊಂದಿಕೊಳ್ಳದೆ ಮಸುಕಾಗಿಯೇ ಉಳಿಯುತ್ತವೆ. ಅದು ಪರದೆಯ ದೋಷವಲ್ಲ.

ಮೌಸ್ ಬಾಣ ತಡವರಿಸುತ್ತಾ ಜಿಗಿದಂತೆ ಕಂಡರೆ Advanced display ತೆರೆದು ನೋಡಿ. ಅಲ್ಲಿ 30 Hz ಎಂದಿದ್ದರೆ, ಅಂದರೆ ಪರದೆಯ ಚಿತ್ರ ಸೆಕೆಂಡಿಗೆ 30 ಸಲ ಮಾತ್ರ ಹೊಸದಾಗುತ್ತಿದ್ದರೆ, ಕಂಪ್ಯೂಟರ್‌ನ ಕಿಂಡಿ ಅಥವಾ ಕೇಬಲ್ ಹಳೆಯದು: ಎಚ್‌ಡಿಎಂಐ 1.4 ಈ ರೆಸಲ್ಯೂಷನ್ನಿಗೆ ಅಷ್ಟನ್ನೇ ಕೊಡಬಲ್ಲದು. 60 Hz ಬೇಕಾದರೆ ಎರಡೂ ತುದಿಯಲ್ಲಿ ಎಚ್‌ಡಿಎಂಐ 2.0 ಅಥವಾ ಡಿಸ್‌ಪ್ಲೇಪೋರ್ಟ್ 1.2 ಇರಬೇಕು, ಕೇಬಲ್ಲೂ ಅದಕ್ಕೆ ತಕ್ಕದ್ದಾಗಿರಬೇಕು.

ನೀವು ಪರದೆಯಿಂದ ಒಂದು ಮೀಟರಿಗಿಂತ ದೂರ ಕೂರುವವರಾದರೆ ಫುಲ್ ಎಚ್‌ಡಿಯ ಪಿಕ್ಸೆಲ್‌ಗಳೂ ಹೆಚ್ಚುಕಡಿಮೆ ಕಣ್ಣಿಗೆ ಬೀಳುವುದಿಲ್ಲ. ಅಂಥವರು ಈಗಿರುವ ಮಾನಿಟರ್ ಬದಲಿಸಬೇಕಾಗಿಲ್ಲ. ಫುಲ್ ಎಚ್‌ಡಿಗೆ ಈಗಾಗಲೇ ಆರ್ಡರ್ ಕೊಟ್ಟವರಿಗೆ ಅದನ್ನೇ ಕಳಿಸುತ್ತೇವೆ.

ಇಂತಿ,
ಮಾನಿಟರ್ ವಿಭಾಗ