ಬೀರು ಗೋಡೆಗೆ ಬಿಗಿಸುವ ಬಗ್ಗೆ

ಎಲ್ಲರಿಗೂ ನಮಸ್ಕಾರ. ಭೂಕಂಪ ಆದರೆ ಬೀರು ಮೈಮೇಲೆ ಉರುಳದಂತೆ ಗೋಡೆಗೆ ಬಿಗಿಸಿಕೊಳ್ಳೋಣ. ದಾವಣಗೆರೆಯಲ್ಲಿ ಭೂಕಂಪ ಎಲ್ಲಿ ಬರುತ್ತೆ ಅಂತ ನಗಬೇಡಿ. 1993ರಲ್ಲಿ ದೊಡ್ಡ ಭೂಕಂಪ ಆದ ಮಹಾರಾಷ್ಟ್ರದ ಲಾತೂರಿನ ಕಿಲ್ಲಾರಿಯೂ ಆಗ ಅಪಾಯ ತೀರಾ ಕಡಿಮೆ ಅನ್ನುವ ವಲಯದಲ್ಲೇ ಇತ್ತು.

ಮೊದಲು ಮಲಗುವ ಕೋಣೆಯ ಬೀರು ನೋಡಿ. ಉರುಳಿದರೆ ಮಂಚದ ಮೇಲೆ ಬೀಳುತ್ತಾ, ಬಾಗಿಲಿಗೆ ಅಡ್ಡ ಬೀಳುತ್ತಾ? ಹಾಗಿದ್ದರೆ ಜಾಗ ಬದಲಿಸಿ. ಆಮೇಲೆ ಮೇಲ್ತುದಿಯ ಎರಡೂ ಕಡೆ ಎಲ್ ಕ್ಲಾಂಪ್ ಹಾಕಿಸಿ. ಮರದ್ದಾದರೆ ಸ್ಕ್ರೂ ಚೌಕಟ್ಟಿಗೇ ಕೂರಬೇಕು, ಹಿಂದಿನ ತೆಳು ಪ್ಲೈವುಡ್ ಹರಿದು ಬರುತ್ತೆ. ಗೋಡೆಯಲ್ಲೂ ಪ್ಲಾಸ್ಟರ್ ದಾಟಿ ಇಟ್ಟಿಗೆಯೊಳಗೆ ಹೋಗಬೇಕು. ಡ್ರಿಲ್ ಮಾಡುವಾಗ ಕೆಂಪು ಪುಡಿ ಬಂದರೆ ಇಟ್ಟಿಗೆ. ಬೂದು ಪುಡಿ ಬಂದು ಬಿಟ್ ಸರಕ್ಕನೆ ಒಳಗೆ ನುಗ್ಗಿದರೆ ಟೊಳ್ಳು ಬ್ಲಾಕ್. ಅಲ್ಲಿ ಸಾದಾ ಪ್ಲಗ್ ಸುಮ್ಮನೆ ತಿರುಗುತ್ತೆ, ಟೊಳ್ಳು ಗೋಡೆಯ ಆಂಕರ್ರೇ ಕೇಳಿ. ಬೀರು ಮೇಲಿನ ಸೂಟ್‌ಕೇಸ್, ಹಿತ್ತಾಳೆ ಕೊಡ ಇವತ್ತೇ ಇಳಿಸಿ.

ನೆಲ ಅಲುಗಿದರೆ ಲಿಫ್ಟ್, ಮೆಟ್ಟಿಲು, ಬಾಲ್ಕನಿ ಕಡೆ ಓಡಬೇಡಿ. ಗಟ್ಟಿ ಊಟದ ಮೇಜಿನಡಿ ನುಸುಳಿ, ಅದರ ಕಾಲು ಹಿಡಿದುಕೊಳ್ಳಿ. ಮೇಜು ಸರಿದರೆ ಜೊತೆಗೇ ಸರಿಯಿರಿ. ಮಲಗಿದ್ದರೆ ಅಲ್ಲೇ ಬೋರಲಾಗಿ, ತಲೆ ಮೇಲೆ ದಿಂಬು. ಅಲುಗಾಟ ನಿಂತ ಮೇಲೆ ಚಪ್ಪಲಿ ಮೆಟ್ಟಿ (ಗಾಜು ಬಿದ್ದಿರುತ್ತೆ), ಗ್ಯಾಸ್ ರೆಗ್ಯುಲೇಟರ್ ಆಫ್ ಮಾಡಿ, ಮೆಟ್ಟಿಲಲ್ಲಿ ಇಳಿಯಿರಿ.

ಭಾನುವಾರ ಡ್ರಿಲ್ ಮಾಡುವವರನ್ನು ಕರೆಸುತ್ತಿದ್ದೇವೆ. ಬೇಕಾದವರು ಫ್ಲ್ಯಾಟ್ ನಂಬರ್ ಹಾಕಿ.