ಚಾಟ್‌ಬಾಟ್ "ಆಗಲ್ಲ" ಅಂದ್ರೆ ಪ್ರಶ್ನೆ ಹೀಗೆ ಬರೀರಿ

ಎಲ್ರಿಗೂ ನಮಸ್ಕಾರ 🙏 ತೋಟದ ವಿಷ್ಯ ಚಾಟ್‌ಬಾಟ್ ಹತ್ರ ಕೇಳೋರೆಲ್ಲ ಇದೊಂದು ಓದಿ. ನಿನ್ನೆ ನಾನು "ಸಾಯ್ಸೋಕೆ ವಿಷ ಎಷ್ಟು ಹಾಕ್ಬೇಕು" ಅಂತ ಟೈಪ್ ಮಾಡಿದ್ದಕ್ಕೆ ಹೇಳಕ್ಕಾಗಲ್ಲ ಅಂತು, ಸಹಾಯವಾಣಿಗೆ ಫೋನ್ ಮಾಡಿ ಅಂತ ಬೇರೆ. ನಾನು ಕೇಳಿದ್ದು ಇಲಿಗೆ! ಆದ್ರೆ ಅದಕ್ಕೆ ನಮ್ಮ ತೋಟ ಕಾಣಲ್ಲ, ಕಾಣೋದು ನಾವು ಬರೆದ ಸಾಲಷ್ಟೇ, ಅಪಾಯದ ಪ್ರಶ್ನೆಗೆ ಬೇಡ ಅನ್ನು ಅಂತ ಕಲಿಸಿರೋದ್ರಿಂದ ವಿಷ, ಸಾಯ್ಸು, ಎಷ್ಟು ಮೂರೂ ಒಟ್ಟಿಗೆ ಬಂದ್ರೆ ಹಿಂದೆ ಸರಿಯತ್ತೆ.

ಆಮೇಲೆ ಹೀಗೆ ಬರೆದೆ: "ತೆಂಗಿನ ಮರದಲ್ಲಿ ಇಲಿ ಎಳೆಗಾಯಿ ಕೊರೀತಿದೆ, ಬ್ರೋಮಾಡಿಯೋಲೋನ್ 0.005% ಬಿಲ್ಲೆ ತಂದಿದೀನಿ, ಎಲ್ಲಿಡ್ಬೇಕು, ನಾಯಿಗೆ ಸಿಗದ ಹಾಗೆ ಹೇಗೆ?" ನೆಲದಲ್ಲಿ ಬೇಡ, ಮರದ ಮೇಲೆ ಸುಳಿ ಹತ್ರ ಇಡಿ ಅಂತ ಸರಿಯಾಗೇ ಹೇಳ್ತು.

ಯಾವ ಬೆಳೆ, ಏನು ತೊಂದ್ರೆ, ಕೈಯಲ್ಲಿರೋ ಔಷಧಿ ಹೆಸ್ರು ಬರೀರಿ. ಹೊಸ ಚಾಟ್ ತೆಗೀರಿ, ಹಳೇದ್ರಲ್ಲಿ ಅದು ಬೇಡ ಅಂದಿದ್ದು ಹಾಗೇ ಇರತ್ತೆ, ಮತ್ತೆ ಅದೇ ಹಾಡು. ಪ್ರಮಾಣ ಮಾತ್ರ ಪ್ಯಾಕೆಟ್ ಮೇಲಿನ ಚೀಟಿ ನೋಡೇ ಹಾಕಿ, ಚಾಟ್‌ಬಾಟ್ ಅದನ್ನ ತಪ್ಪು ಹೇಳ್ಬಹುದು.

ಯಾರ್ಯಾರಿಗೆ ಹೀಗೆ ಆಗಿದ್ಯೋ ನೀವು ಬರೆದ ಸಾಲನ್ನ ಹಾಗೇ ಭಾನುವಾರದೊಳಗೆ ಇಲ್ಲಿ ಹಾಕಿ, ಸೇರಿ ತಿದ್ದೋಣ.